ಕ್ಯಾಶ್‌ಲೆಸ್ ತಿರಸ್ಕಾರ: ಡೆಸ್ಕಿಗೆ ಬರೆಯುವುದೋ, ಕಂಪನಿಗೋ?

ಮೊದಲೇ ದಿನ ನಿಗದಿಯಾದ ಆಪರೇಷನ್ನಿಗೆ ಕ್ಯಾಶ್‌ಲೆಸ್ ಸಿಗದಿದ್ದರೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಮೂಲಕ ಮರುಪರಿಶೀಲನೆ ಕೇಳಬಹುದು, ಇಲ್ಲವೇ ನೇರವಾಗಿ ಕಂಪನಿಯ ದೂರು ವಿಭಾಗಕ್ಕೆ ಬರೆಯಬಹುದು. ನನ್ನ ಮತ ಡೆಸ್ಕಿಗೆ. ಪತ್ರದ ಪ್ರತಿ ಮಾತ್ರ ಅದೇ ದಿನ ಕಂಪನಿಗೂ ಇಮೇಲ್ ಆಗಬೇಕು.

ದೂರಿಗೆ ಉತ್ತರ ಕೊಡಲು ಕಂಪನಿಗೆ 14 ದಿನ ಇರುತ್ತದೆ. ಕ್ಯಾಶ್‌ಲೆಸ್ ಕೋರಿಕೆಗಾದರೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐಯ 2024ರ ಸುತ್ತೋಲೆಯಂತೆ ಒಂದು ಗಂಟೆಯಲ್ಲಿ ತೀರ್ಮಾನ ತಿಳಿಸಬೇಕು. ಆಪರೇಷನ್ ವಾರದೊಳಗಿದ್ದರೆ ಬರೀ ದೂರು ನೆಚ್ಚಿಕೊಂಡು ಕೂರುವಂತಿಲ್ಲ.

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಹರ್ನಿಯಾ ಆಪರೇಷನ್ ಎಂದಿಟ್ಟುಕೊಳ್ಳಿ. ಪಾಲಿಸಿ ಶುರುವಾದದ್ದು 2023ರ ಆಗಸ್ಟ್, ಆಪರೇಷನ್ 2025ರ ನವೆಂಬರ್. ಹರ್ನಿಯಾಕ್ಕೆ ಪಾಲಿಸಿಯಲ್ಲಿರುವ 24 ತಿಂಗಳ ಕಾಯುವ ಅವಧಿ ಮುಗಿದಿದೆ. ಆದರೂ ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, 36 ತಿಂಗಳು ಆಗಿಲ್ಲ’ ಎಂದು ತಿರಸ್ಕಾರ ಬರುತ್ತದೆ.

ಎಡವಟ್ಟು ಇರುವುದು ಕೋರಿಕೆ ಫಾರಂನಲ್ಲಿ ಡಾಕ್ಟರು ತುಂಬುವ ‘ಕಾಯಿಲೆ ಎಷ್ಟು ದಿನದಿಂದ’ ಎಂಬ ಕಾಲಮಿನಲ್ಲಿ. ರೋಗಿ ‘ಮಳೆಗಾಲದಿಂದ ಗಂಟು ಕಾಣ್ತಿದೆ’ ಅಂದಿರುತ್ತಾರೆ. ಓಪಿಡಿ ಚೀಟಿಯಲ್ಲಿ 3 ತಿಂಗಳು ಎಂದಿದೆ, ಫಾರಂನಲ್ಲಿ 3 ವರ್ಷ ಆಗಿಬಿಟ್ಟಿದೆ. ಮೂರು ವರ್ಷ ಎಂದರೆ 2022ರ ನವೆಂಬರ್, ಅಂದರೆ ಪಾಲಿಸಿಗೂ ಮೊದಲು. ಫಾರಂ ಮಾತ್ರ ನೋಡುವ ಕಂಪನಿಗೆ ಅಷ್ಟೇ ಸಾಕು.

ಫಾರಂನಲ್ಲಿ ಹೊಡೆದು ತಿದ್ದಿಸಬೇಡಿ, ಅನುಮಾನ ಹೆಚ್ಚುತ್ತದೆ. ಆಪರೇಷನ್ ಮಾಡುವ ಸರ್ಜನ್ನರೇ ಲೆಟರ್‌ಹೆಡ್‌ನಲ್ಲಿ ಮೊದಲು ನೋಡಿದ ದಿನ, ಸರಿಯಾದ ಅವಧಿ, ಫಾರಂನಲ್ಲಿ ತಪ್ಪಾಗಿದೆ ಎಂಬ ಮಾತು ಬರೆದು ಸಹಿ, ಸೀಲು, ನೋಂದಣಿ ಸಂಖ್ಯೆ ಹಾಕಿ ಕೊಡಬೇಕು. ಜೊತೆಗೆ ಆ ಓಪಿಡಿ ಚೀಟಿ, ಸ್ಕ್ಯಾನ್ ವರದಿ. ನಿಜವಾಗಿಯೂ ಮೂರು ವರ್ಷದಿಂದ ಇದ್ದರೆ ಈ ಪತ್ರ ಕೇಳಲೇಬಾರದು. ಅದು ಸುಳ್ಳು ದಾಖಲೆ, ಪಾಲಿಸಿಯೇ ರದ್ದಾಗಬಹುದು.

ನಿಮ್ಮ ಪತ್ರ ಒಂದು ಪುಟ ಮೀರಬಾರದು. ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ತಿರಸ್ಕಾರದ ದಿನಾಂಕ ಮೇಲೆ ಬರೆದು, ಹೀಗೆ ಮುಂದುವರಿಸಿ:

‘ತಿರಸ್ಕಾರಕ್ಕೆ ಕೊಟ್ಟ ಕಾರಣ ಫಾರಂನ ತಪ್ಪು ನಮೂದಿನಿಂದ ಬಂದಿದೆ. ಸರ್ಜನ್ನರ ಸ್ಪಷ್ಟೀಕರಣ ಲಗತ್ತಿಸಿದೆ. ಹರ್ನಿಯಾದ ಕಾಯುವ ಅವಧಿ 2025ರ ಆಗಸ್ಟ್‌ನಲ್ಲೇ ಮುಗಿದಿದೆ. ಮರುಪರಿಶೀಲಿಸಿ ಒಪ್ಪಿಗೆ ಕೊಡಿ. ಇಲ್ಲವಾದರೆ ಪಾಲಿಸಿಯ ಯಾವ ಷರತ್ತಿನಂತೆ ಎಂದು ಲಿಖಿತವಾಗಿ ತಿಳಿಸಿ.’

ಡೆಸ್ಕಿನವರು ಕಾಗದ ಅಪ್‌ಲೋಡ್ ಮಾಡುತ್ತಾರೆ, ನಿಮ್ಮ ಪರ ವಾದ ಮಾಡುವುದಿಲ್ಲ. ಕೆಲವೊಮ್ಮೆ ಮುಖ್ಯ ಹಾಳೆಯೇ ಬಿಟ್ಟುಹೋಗಿರುತ್ತದೆ. ಕಳಿಸಿದ್ದನ್ನು ಅವರ ಪರದೆಯಲ್ಲೇ ನೋಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕಂಪನಿಗೆ ಇಮೇಲ್ ಹೋಗಬೇಕಾದದ್ದು ಇದಕ್ಕೇ: ಮುಂದೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗುವುದಾದರೆ ಮೊದಲು ಕಂಪನಿಗೇ ಬರೆದಿದ್ದಕ್ಕೆ ದಾಖಲೆ ಬೇಕು.

ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡುವುದು ಮೂರನೆಯ ದಾರಿ. ಕ್ಯಾಶ್‌ಲೆಸ್ ಇಲ್ಲ ಎಂದ ಮಾತ್ರಕ್ಕೆ ಕ್ಲೇಮಿನ ಹಕ್ಕು ಹೋಗುವುದಿಲ್ಲ. ಆದರೆ ಅಡಿಕೆ ದುಡ್ಡು ಕೈಸೇರುವ ಮುಂಚೆ ಸಾಲ ಮಾಡಿ ಕಟ್ಟುವುದಕ್ಕಿಂತ, ಹರ್ನಿಯಾ ತುರ್ತಲ್ಲ ಎಂದು ಸರ್ಜನ್ನರು ಹೇಳಿದರೆ ನಾಲ್ಕು ದಿನ ಮುಂದೆ ಹಾಕಿ ಉತ್ತರ ಕಾಯುವುದೇ ಲೇಸು.