ಯುಗಾದಿಯಿಂದ ಪಂಚಮಿವರೆಗೆ ನಾನು ಲೆಕ್ಕಕ್ಕೆ ತಗೊಳ್ಳದ ನಾಡಿ

ಕಲಬುರಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 49. ಹೋದ ವರ್ಷ ನನಗೆ ಆದದ್ದನ್ನು ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರಿಗೆ ಎದೆ ಢವಢವ ಅಂದರೆ ಸಿಗುವ ಉತ್ತರ ಒಂದೇ: "ಮುಟ್ಟು ನಿಲ್ಲೋ ವಯಸ್ಸದ, ಹಂಗೇ ಆಗ್ತದ ಬಿಡ್ರಿ." ಆ ಉತ್ತರ ಬಹಳ ಸಲ ಸರಿಯೇ. ನನ್ನ ವಿಷಯದಲ್ಲಿ ಅರ್ಧ ಸರಿ ಇತ್ತು. ಉಳಿದರ್ಧ ನನ್ನನ್ನು ಆಸ್ಪತ್ರೆ ಸೇರಿಸಿತು.

ಸರಿ ಇದ್ದ ಅರ್ಧ ಮೊದಲು ಹೇಳುತ್ತೇನೆ. ಸಂಕ್ರಾಂತಿ ಹೊತ್ತಿಗೆ ಮುಟ್ಟು ಏರುಪೇರಾಗಿತ್ತು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಕೂತಲ್ಲೇ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುತ್ತಿತ್ತು. ಜೊತೆಗೆ ಬೆವರು, ಎದೆಬಡಿತ. ಮೂರು ನಾಲ್ಕು ನಿಮಿಷದಲ್ಲಿ ಎಲ್ಲಾ ಇಳಿದು, ಮೈ ತಣ್ಣಗಾಗುತ್ತಿತ್ತು. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಹಾರ್ಮೋನ್ ಏರಿಳಿಯುವಾಗ ಮೈಯ ಬಿಸಿ ಕಾಯುವ ವ್ಯವಸ್ಥೆ ಸಣ್ಣದಕ್ಕೂ ಬೆಚ್ಚುತ್ತದೆ. ಆಗ ನಾಡಿ ಸ್ವಲ್ಪ ಓಡುತ್ತದೆ. ನನ್ನದು 76 ಇದ್ದದ್ದು 90 ಆಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಓಡಿದರೂ ತಾಳ ತಪ್ಪುತ್ತಿರಲಿಲ್ಲ. ಹೊಲಿಗೆ ಮಷೀನನ್ನು ಜೋರಾಗಿ ತುಳಿದ ಹಾಗೆ: ವೇಗ ಜಾಸ್ತಿ, ಆದರೆ ಟಾಕಾ ಒಂದೇ ಸಮ.

ಯುಗಾದಿ ಆದಮೇಲೆ ಬಡಿತದ ಬಗೆ ಬದಲಾಯಿತು. ಬಿಸಿ ಏರದೆಯೇ ಎದೆ ಹೊಡೆದುಕೊಳ್ಳತೊಡಗಿತು. ಒಂದು ಚೀಲದಲ್ಲಿ ಮೀನು ಒದ್ದಾಡಿದ ಹಾಗೆ. ಬಂದರೆ ಅರ್ಧ ಗಂಟೆ, ಒಮ್ಮೊಮ್ಮೆ ಎರಡು ಗಂಟೆ. ಬಡಾವಣೆಯ ಒಂದು ಕ್ಲಿನಿಕ್‌ಗೆ ಹೋದೆ. ಹೋದವಳೇ ನಾನೇ ಹೇಳಿದೆ, "ಡಾಕ್ಟ್ರೇ, ಮುಟ್ಟು ನಿಲ್ಲೋ ವಯಸ್ಸು ನಂದು, ಎದಿ ಢವಢವ ಅಂತದ." ಹೆಸರಿಟ್ಟ ಮೇಲೆ ಕೂಸು ಅದೇ ಹೆಸರಿಗೆ ಓಗೊಡುತ್ತದೆ ಅಲ್ವಾ? ಅವರು ಹದಿನೈದು ಸೆಕೆಂಡು ನಾಡಿ ಹಿಡಿದರು, ನಾಲ್ಕರಿಂದ ಗುಣಿಸಿ 88 ಅಂದರು. ಇಸಿಜಿ ತೆಗೆಸಿದರು, ನಾರ್ಮಲ್. ಗ್ಯಾಸಿನ ಮಾತ್ರೆ, ನಿದ್ದೆಯ ಮಾತ್ರೆ ಬರೆದರು. ಆ ಇಸಿಜಿ ಕಾಗದವನ್ನು ನಾನು ಮೂರು ತಿಂಗಳು ತಾಯತದ ಹಾಗೆ ಇಟ್ಟುಕೊಂಡೆ. ಸಾಮಾನ್ಯವಾಗಿ ಇಸಿಜಿ ಕಾಗದದ ಮೇಲೆ ಬರುವುದು ಹತ್ತೇ ಸೆಕೆಂಡಿನ ಎದೆಬಡಿತ ಅಂತ ಆಗ ನನಗೆ ಯಾರೂ ಹೇಳಲಿಲ್ಲ. ಮಂಗಳವಾರ ರಾತ್ರಿ ಬಂದು ಹೋದ ಬಡಿತ ಗುರುವಾರ ಬೆಳಿಗ್ಗೆ ತೆಗೆದ ಕಾಗದದಲ್ಲಿ ಎಲ್ಲಿಂದ ಸಿಗಬೇಕು?

ಎರಡನೇ ಸಲ ಹೋದಾಗ ಬಿಪಿ ನೋಡಿ ಮುಗಿದ ಮೇಲೂ ಮಷೀನಿನ ಮೇಲೆ ಹೃದಯದ ಚಿತ್ರ ಮಿಣುಕುತ್ತಿತ್ತು. ಕಾಂಪೌಂಡರ್ ಎರಡು ಸಲ ಒತ್ತಿ ನೋಡಿ, "ಬ್ಯಾಟರಿ ಹೋಗ್ಯಾದ್ರಿ" ಅಂದ. ಕೆಲವು ಡಿಜಿಟಲ್ ಬಿಪಿ ಮಷೀನುಗಳಲ್ಲಿ ನೋಡಿ ಮುಗಿದ ಮೇಲೂ ಆ ಗುರುತು ಮಿಣುಕುವುದು ಬಡಿತ ಸಮವಾಗಿಲ್ಲ ಅಂತ ತಿಳಿಸಲಿಕ್ಕೆ. ಮನೆಯಲ್ಲಿ ಕೊರೋನಾ ಕಾಲದ ಬೆರಳಿನ ಆಕ್ಸಿಮೀಟರ್ ಇತ್ತು. ಅದು ನಾಡಿ 84 ತೋರಿಸಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ 121, ಮತ್ತೆ 97 ತೋರಿಸುತ್ತಿತ್ತು. ಅದೂ ಕೆಟ್ಟಿದೆ ಅಂದುಕೊಂಡು ಡ್ರಾಯರಿಗೆ ಹಾಕಿದೆ.

ಬೇರೆ ಸುಳಿವುಗಳೂ ಇದ್ದವು. ಎಲ್ಲದಕ್ಕೂ ಒಂದೊಂದು ಸಮಾಧಾನ ಸಿದ್ಧವಾಗಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಚಾಳೀಸು ಅಂದೆ. ಕಣ್ಣು ಸರಿ ಇತ್ತು, ಬೆರಳು ಸಣ್ಣಗೆ ನಡುಗುತ್ತಿತ್ತು. ನನ್ನದೇ ಕುಪ್ಪಸ ಎರಡು ಇಂಚು ಒಳಗೆ ಹಿಡಿದು ಹೊಲಿದುಕೊಂಡೆ. ಓಣಿಯವರು "ಛಲೋ ಸಣ್ಣ ಆಗೀರಿ" ಅಂದರು. ರೊಟ್ಟಿ ಮಾತ್ರ ಮೊದಲಿಗಿಂತ ಒಂದು ಜಾಸ್ತಿಯೇ ತಿನ್ನುತ್ತಿದ್ದೆ. ಸೆಕೆ ತಡೆಯಲಾಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ಸೆಕೆ ಅಂದರೆ ಯಾರು ಕೇಳುತ್ತಾರೆ?

ಪಂಚಮಿಗೆ ಬೀದರಿನ ಅಕ್ಕನ ಮನೆಗೆ ಹೋದೆ. ಹುಮನಾಬಾದ್ ದಾಟುವಾಗಲೇ ಬಸ್ಸಿನಲ್ಲಿ ಬಡಿತ ಶುರುವಾಗಿತ್ತು. ಮನೆ ಮುಟ್ಟಿ ಒಂದು ಮಹಡಿ ಹತ್ತುವಷ್ಟರಲ್ಲಿ ಉಸಿರು ಸಾಲಲಿಲ್ಲ. ಅಕ್ಕನ ಮಗಳು ಸ್ಟಾಫ್ ನರ್ಸ್. ನನ್ನನ್ನು ಕೂರಿಸಿ ಮಣಿಕಟ್ಟು ಹಿಡಿದಳು. ಹದಿನೈದು ಸೆಕೆಂಡಾಯಿತು, ಬಿಡಲಿಲ್ಲ. ಮೂವತ್ತಾಯಿತು. ಒಂದು ನಿಮಿಷ ಪೂರ್ತಿ ಹಿಡಿದಳು. "ಚಿಗವ್ವ, ಮೊದಲ ಹದಿನೈದಕ್ಕ ಇಪ್ಪತ್ತೆರಡು ಬಂತು, ಮುಂದಿನ ಹದಿನೈದಕ್ಕ ಮೂವತ್ತು. ಇದಕ್ಕ ತಾಳನೇ ಇಲ್ಲ." ಇಪ್ಪತ್ತೆರಡನ್ನು ನಾಲ್ಕರಿಂದ ಗುಣಿಸಿ ನೋಡಿ. ಅದೇ 88. ಒಂದು ನಿಮಿಷಕ್ಕೆ ಮಣಿಕಟ್ಟಿನಲ್ಲಿ 104 ಬಂತು. ಸ್ಟೆತಸ್ಕೋಪ್ ಎದೆ ಮೇಲಿಟ್ಟು ಎಣಿಸಿದರೆ 126. ಬೇಗ ಬೇಗ ಬರುವ ಕೆಲವು ಬಡಿತಕ್ಕೆ ರಕ್ತ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಅಂಥ ದುರ್ಬಲ ಬಡಿತ ಕೈವರೆಗೆ ಮುಟ್ಟುವುದೇ ಇಲ್ಲ.

ಅಲ್ಲೇ ಒಂದು ಆಸ್ಪತ್ರೆಯಲ್ಲಿ, ಬಡಿತ ಇದ್ದಾಗಲೇ ಇಸಿಜಿ ತೆಗೆಸಿದರು. ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಸುಮ್ನೆ ನಡುಗುತ್ತಿರುತ್ತವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಅದು ಮೆದುಳಿಗೆ ಹೋದರೆ ಲಕ್ವಾ. ಎಕೋದಲ್ಲಿ ಕವಾಟ ಸರಿ ಇತ್ತು. ರಕ್ತ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ಥೈರಾಯ್ಡ್ ಪರೀಕ್ಷೆಯ ಟಿಎಸ್ಎಚ್ ಸುಮಾರು 0.4ರಿಂದ 4ರೊಳಗೆ ಇರಬೇಕು. ನನ್ನದು 0.01ಕ್ಕಿಂತ ಕಡಿಮೆ. ಗ್ರಂಥಿ ಜಾಸ್ತಿ ಕೆಲಸ ಮಾಡಿದಷ್ಟೂ ಈ ಅಂಕಿ ಇಳಿಯುತ್ತದೆ. ಅಂದರೆ ಥೈರಾಯ್ಡ್ ಗ್ರಂಥಿ ಮಿತಿ ಮೀರಿ ಕೆಲಸ ಮಾಡುತ್ತಿತ್ತು.

ಇಲ್ಲೇ ಮೋಸ ಹೋಗುವುದು. ಸೆಕೆ, ಬೆವರು, ನಿದ್ದೆ ಇಲ್ಲದಿರುವುದು, ಸಿಡುಕು, ಎದೆಬಡಿತ, ಮುಟ್ಟಿನ ಏರುಪೇರು: ಇವೆಲ್ಲ ಮುಟ್ಟು ನಿಲ್ಲುವ ಕಾಲದ ಲಕ್ಷಣ. ಥೈರಾಯ್ಡ್ ಜಾಸ್ತಿಯಾದಾಗಲೂ ಇವೇ. ಬೇರೆ ಮಾಡಿ ತೋರಿಸುವುದು ಬೆಳಗಿನ ನಾಡಿ. ಮುಟ್ಟು ನಿಲ್ಲುವ ಕಾಲದ ಬಿಸಿ ಅಲೆ ಅಲೆಯಾಗಿ ಬರುತ್ತದೆ, ಅಲೆ ಇಲ್ಲದಾಗ ನಾಡಿ ತನ್ನ ಜಾಗಕ್ಕೆ ಬರುತ್ತದೆ. ಥೈರಾಯ್ಡಿನದು ಸಾಮಾನ್ಯವಾಗಿ ಹಾಗೆ ಇಳಿಯುವುದಿಲ್ಲ. ಎಚ್ಚರಾಗಿ ಇನ್ನೂ ಹಾಸಿಗೆ ಬಿಡದಿದ್ದಾಗಲೇ ನನ್ನದು 100ರ ಮೇಲೆ ಇತ್ತು. ಅದಕ್ಕೆ ತೂಕ ಇಳಿಯುವುದು, ಕೈ ನಡುಗುವುದು ಸೇರಿದರೆ ಟಿಎಸ್ಎಚ್ ಮಾಡಿಸದೆ ಬಿಡಬೇಡಿ.

ನಾಡಿ ನೋಡುವುದು ಹೀಗೆ. ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ, ಚಹಾ ಕುಡಿದ ಕೂಡಲೇ ಬೇಡ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಹಳ್ಳದಲ್ಲಿ ಇನ್ನೊಂದು ಕೈಯ ಎರಡು ಬೆರಳಿಡಿ. ಹೆಬ್ಬೆರಳಿಡಬಾರದು, ಅದಕ್ಕೆ ತನ್ನದೇ ಬಡಿತ ಇದೆ. ಪೂರ್ತಿ 60 ಸೆಕೆಂಡು ಎಣಿಸಿ. ಎಣಿಸುತ್ತಾ ಕಾಲಿನಿಂದ ತಾಳ ಹಾಕಿ. ಉಸಿರು ಎಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ ಆಗುವುದು ಸಹಜ. ಕಾಲಿಗೆ ತಾಳವೇ ಸಿಗದಿದ್ದರೆ, ಮುಂದಿನ ಬಡಿತ ಯಾವಾಗ ಅಂತ ಊಹಿಸಲು ಆಗದಿದ್ದರೆ, ಅದು ನನ್ನ ಥರದ್ದಿರಬಹುದು. ಅಂಕಿ 80 ಇದ್ದರೂ ತೋರಿಸಬೇಕು, ಸಾಧ್ಯವಾದರೆ ಅದು ನಡೆಯುತ್ತಿರುವಾಗಲೇ ಹೋಗಿ ಇಸಿಜಿ ತೆಗೆಸಬೇಕು. ಬಂದು ಹೋಗುವಂಥದ್ದಾದರೆ 24 ಗಂಟೆ ಮೈಮೇಲೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್ ಕೇಳಿ.

ಎಲ್ಲಾ ತಪ್ಪುವ ಬಡಿತವೂ ಹೆದರುವಂಥದ್ದಲ್ಲ. ತಾಳ ಸರಿಯಾಗಿ ನಡೆದು, ನಡುವೆ ಒಂದು ತಪ್ಪಿ, ಮುಂದಿನದು ಧಡ್ ಅಂತ ಬಡಿದು, ಮತ್ತೆ ತಾಳಕ್ಕೆ ಬಂದರೆ ಅದು ಬಹಳ ಜನರಿಗೆ ಆಗುತ್ತದೆ. ನಿಮಿಷಕ್ಕೆ ಹಲವು ಸಲ ತಪ್ಪಿದರೆ, ಕೆಲಸ ಮಾಡುವಾಗ ಜಾಸ್ತಿಯಾದರೆ ತೋರಿಸಿ. ಇನ್ನೊಂದು ಬಗೆ ಸ್ವಿಚ್ ಹಾಕಿದ ಹಾಗೆ: ಕೂತವರಿಗೆ ಒಮ್ಮೆಲೇ 150ರ ಮೇಲೆ, ತಾಳ ಸರಿ, ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಮುಟ್ಟು ನಿಲ್ಲುವ ಕಾಲದ ಬಡಿತ ಹಾಗೆ ಸ್ವಿಚ್ಚಿನಂತೆ ಬರುವುದಿಲ್ಲ, ಏರಿ ಇಳಿಯುತ್ತದೆ. ನಾಡಿ 50ಕ್ಕಿಂತ ಕೆಳಗಿಳಿದು ತಲೆ ತಿರುಗುವುದೂ ಡಾಕ್ಟರ ಕೆಲಸವೇ. ಬಡಿತದ ಜೊತೆ ಎದೆನೋವು, ಕೂತಲ್ಲೇ ಉಸಿರು ಸಾಲದಿರುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು ಇದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಹೈದರಾಬಾದ್ ಸೋಲಾಪುರ ಅಂತ ಹೊತ್ತು ಕಳೆಯುವುದು ಬೇಡ.

ನನಗೆ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್, ಬಡಿತ ನಿಧಾನ ಮಾಡುವ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಕೊಟ್ಟರು. ಕಾರ್ಬಿಮಜೋಲ್ ನಡೆಯುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬಂದು ರಕ್ತ ಪರೀಕ್ಷೆ ಮಾಡಿಸಬೇಕು ಅಂತ ತಾಕೀತು ಮಾಡಿದರು. ಹೆಪ್ಪು ತಡೆಯುವ ಮಾತ್ರೆ ಶುರುವಾದ ಮೇಲೆ ಬಂದ ಮುಟ್ಟು ಒಂಬತ್ತು ದಿನ ಹರಿಯಿತು. ಹೆದರಿ ನಾನೇ ಮಾತ್ರೆ ಬಿಡಲು ಹೊರಟಿದ್ದೆ, ಅಕ್ಕನ ಮಗಳು ಫೋನಿನಲ್ಲೇ ಬೈದಳು. ಹೃದಯದ ಡಾಕ್ಟರಿಗೂ ಹೆರಿಗೆ ಡಾಕ್ಟರಿಗೂ ಇಬ್ಬರಿಗೂ ತಿಳಿಸಿ ಸರಿ ಮಾಡಿಸಿಕೊಂಡೆ. ಥೈರಾಯ್ಡ್ ಹತೋಟಿಗೆ ಬಂದು ಮೂರು ತಿಂಗಳಿಗೆ ತಾಳ ತಾನಾಗಿ ಮರಳಿತು. ಎಲ್ಲರಿಗೂ ಹಾಗೆ ಮರಳುವುದಿಲ್ಲವಂತೆ.

ಮೊನ್ನೆ ನಮ್ಮ ವೈನಿ ಕುಪ್ಪಸ ಒಯ್ಯಲು ಬಂದಿದ್ದರು. "ನನಗೂ ನಿಮ್ಮಂಗೇ ಎದಿ ಹೊಡ್ಕೋತದ" ಅಂದರು. ಸ್ಟೂಲಿನ ಮೇಲೆ ಕೂರಿಸಿ, ಐದು ನಿಮಿಷ ಬಿಟ್ಟು ಗೋಡೆ ಗಡಿಯಾರ ನೋಡುತ್ತಾ ಎಣಿಸಿದೆ. 98. ತಾಳ ಸರಿ, ನನ್ನ ಥರದ್ದಲ್ಲ. ಆದರೆ ಬಿಸಿ ಏರಿಲ್ಲ, ಸುಮ್ನೆ ಕೂತಿದ್ದಾರೆ, 98 ಯಾಕೆ? ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಮುಟ್ಟು ಎಷ್ಟು ದಿನ ಅಂತ ಕೇಳಿದರೆ ಹತ್ತು, ಹನ್ನೆರಡು ದಿನ, ಆರು ತಿಂಗಳಿಂದ. ಯಾರಿಗೂ ಹೇಳಿರಲಿಲ್ಲ. ಮರುದಿನ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಹಿಮೋಗ್ಲೋಬಿನ್ 7.8. ಎದೆ ಹೊಡೆದುಕೊಳ್ಳುತ್ತಿದ್ದದ್ದು ರಕ್ತಹೀನತೆಗೆ.