ಹೂಡಿಕೆ ಅಂತ ನೆಕ್ಲೆಸ್ ಕೊಳ್ಳುವ ಮುಂಚೆ ಅಕ್ಕನ ಈ ಬಿಲ್ ನೋಡಿ

2023ರಲ್ಲಿ ನಮ್ಮಕ್ಕ ಮಗಳ ಓದಿಗೆ ಆಗುತ್ತೆ ಅಂತ ಕೆಂಪು ಕಲ್ಲಿನ ನೆಕ್ಲೆಸ್ ಕೊಂಡಳು. ತೂಕ 20 ಗ್ರಾಂ, 22 ಕ್ಯಾರೆಟ್ ಚಿನ್ನದ ರೇಟ್ ಗ್ರಾಂಗೆ 5,500. ಅಲ್ಲಿಗೆ 1,10,000 ಆಯ್ತು. ಅದರ ಮೇಲೆ ವೇಸ್ಟೇಜ್ ಶೇ. 14, ಅಂದರೆ 15,400. ಒಟ್ಟು ಮೊತ್ತಕ್ಕೆ ಶೇ. 3 ಜಿಎಸ್‌ಟಿ. ಕೊನೆಗೆ ಕೊಟ್ಟಿದ್ದು 1,29,162 ರೂಪಾಯಿ.

ಮುಂದಿನ ವರ್ಷ ಫೀಸ್ ಕಟ್ಟಲು ಅದೇ ಅಂಗಡಿಗೆ ಹೋದೆವು. ರೇಟ್ 6,600 ಆಗಿತ್ತು, ಶೇ. 20 ಏರಿಕೆ. ಲಾಭ ಗ್ಯಾರಂಟಿ ಅನ್ನಿಸುತ್ತೆ, ಅಲ್ವಾ? ಅಂಗಡಿಯವರು ಕಲ್ಲು ಬಿಚ್ಚಿ ತಕ್ಕಡಿಗೆ ಹಾಕಿದರು. 18 ಗ್ರಾಂ. "ಕಲ್ಲಿಗೆ ರೇಟ್ ಇಲ್ಲಮ್ಮ" ಅಂದರು. ಕೊಳ್ಳುವಾಗ ಆ 2 ಗ್ರಾಂ ಕಲ್ಲಿಗೂ ಚಿನ್ನದ ರೇಟೇ ಹಾಕಿದ್ದರು! ಕರಗಿಸುವ ನಷ್ಟ ಅಂತ ಇನ್ನೂ ಶೇ. 2 ಹಿಡಿದರು. ಕೈಗೆ ಬಂದಿದ್ದು 1,16,424. ಚಿನ್ನ ಅಷ್ಟು ಏರಿದರೂ ಅಕ್ಕನಿಗೆ 12,738 ನಷ್ಟ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನೆಕ್ಲೆಸ್ ಮೇಲೆ 916 ಹಾಲ್‌ಮಾರ್ಕ್ ಇತ್ತು, ಪ್ರತಿ ಒಡವೆಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ, ಅಂದರೆ ಆರು ಅಕ್ಷರ-ಅಂಕಿಗಳ ಹೆಚ್‌ಯುಐಡಿ ಕೂಡ ಇತ್ತು. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿದೆ, ಶುದ್ಧತೆ ಸರಿಯಾಗಿಯೇ ಇತ್ತು. ಆದರೆ ಹಾಲ್‌ಮಾರ್ಕ್ ಹೇಳೋದು ಶುದ್ಧತೆಯನ್ನು ಮಾತ್ರ. ತೂಕದಲ್ಲಿ ಕಲ್ಲೆಷ್ಟು, ಚಿನ್ನವೆಷ್ಟು ಅನ್ನೋದು ಬಿಲ್‌ನಲ್ಲಿ ಇರಬೇಕು. ಕಲ್ಲು ಕಳೆದ ಚಿನ್ನದ ತೂಕ, ಅಂದರೆ ನೆಟ್ ವೇಟ್, ಬೇರೆಯಾಗಿ ಬರೆಸದೆ ದುಡ್ಡು ಕೊಡಬೇಡಿ. ಕಲ್ಲಿಗೆ ಬೆಲೆ ಇದ್ದರೆ ಅದನ್ನೂ ಬೇರೆ ಸಾಲಿನಲ್ಲಿ ಹಾಕಿಸಿ.

ಬ್ಯಾಂಕಿನ ನಾಣ್ಯ ಕೊಂಡರೆ ಕೂಲಿ ಕಮ್ಮಿ, ನಿಜ. ಆದರೆ ಮಾರಿದ ಬ್ಯಾಂಕೇ ಅದನ್ನು ವಾಪಸ್ ಕೊಳ್ಳುವುದಿಲ್ಲ. ಮತ್ತೆ ಒಡವೆ ಅಂಗಡಿಗೇ ಹೋಗಬೇಕು. ಲಾಕರ್‌ಗೆ ವರ್ಷ ವರ್ಷ ಬಾಡಿಗೆ ಬೇರೆ. ಕಳ್ಳತನ, ಬೆಂಕಿ ಅಥವಾ ಸಿಬ್ಬಂದಿಯ ಮೋಸದಿಂದ ಹೋದರೂ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 2,000 ಇದ್ದರೆ ಎರಡು ಲಕ್ಷ, ಅಷ್ಟೇ.

ಗೋಲ್ಡ್ ಇಟಿಎಫ್ ಅಂದರೆ ನಮ್ಮ ದುಡ್ಡಲ್ಲಿ ಚಿನ್ನ ಕೊಂಡಿಡುವ ಫಂಡ್, ಅದರ ಯೂನಿಟ್‌ಗಳನ್ನು ಷೇರಿನಂತೆ ಕೊಂಡು ಮಾರಬಹುದು. ಅದೇ ದುಡ್ಡನ್ನು ಇದಕ್ಕೆ ಹಾಕಿದ್ದರೆ ವೇಸ್ಟೇಜ್ ಇಲ್ಲ, ಚಿನ್ನದ ಬೆಲೆ ಮೇಲೆ ಜಿಎಸ್‌ಟಿ ಇಲ್ಲ, ಲಾಕರ್ ಇಲ್ಲ. ಫಂಡ್ ಇಟ್ಟುಕೊಳ್ಳುವ ಚಿನ್ನ ಶೇ. 99.5 ಶುದ್ಧತೆಯದ್ದು. ಚಿನ್ನ ಶೇ. 20 ಏರಿದ್ದರೆ, ಫಂಡಿನ ಖರ್ಚು ಶೇ. 1 ಹಿಡಿದರೂ ಸುಮಾರು 1.53 ಲಕ್ಷ ಆಗುತ್ತಿತ್ತು. ಬ್ರೋಕರೇಜ್ ಮತ್ತು ಡಿಮ್ಯಾಟ್ ಖರ್ಚನ್ನು ಅದರಲ್ಲಿ ಕಳೆಯಬೇಕು, ಲಾಭಕ್ಕೆ ತೆರಿಗೆಯೂ ಇದೆ.

ಇಲ್ಲೂ ಒಂದು ಕಡೆ ಎಡವಬಹುದು. ವಹಿವಾಟು ಕಮ್ಮಿ ಇರುವ ಇಟಿಎಫ್‌ನಲ್ಲಿ ಯೂನಿಟ್ ಬೆಲೆ ಒಳಗಿರುವ ಚಿನ್ನದ ಬೆಲೆಗಿಂತ ಜಾಸ್ತಿ ಇರಬಹುದು. ಫಂಡಿನ ವೆಬ್‌ಸೈಟ್‌ನಲ್ಲಿ iNAV ನೋಡಿ, ಅದು ಒಂದು ಯೂನಿಟ್ ಒಳಗಿರುವ ಚಿನ್ನದ ಆ ಹೊತ್ತಿನ ಅಂದಾಜು ಬೆಲೆ. ಅದಕ್ಕೆ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್ ಹಾಕಿ, ಅಂದರೆ ಇದಕ್ಕಿಂತ ಜಾಸ್ತಿ ಕೊಡಲ್ಲ ಅಂತ ನೀವೇ ಬೆಲೆ ಹೇಳಿ. ಮದುವೆಗೆ ಹಾಕಿಕೊಳ್ಳಲು ಒಡವೆ ಬೇಕಿದ್ದರೆ ಖಂಡಿತ ಕೊಳ್ಳಿ, ಆದರೆ ಅದನ್ನು ಫೀಸಿನ ದುಡ್ಡು ಅಂತ ಲೆಕ್ಕ ಹಾಕಬೇಡಿ.