ಕೌಂಟಿಂಗ್ ಸಾರ್ಟೋ, ರೇಡಿಕ್ಸ್ ಸಾರ್ಟೋ?

ಎಂಟು ಲಕ್ಷ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಗಳನ್ನು ಜೋಡಿಸಬೇಕು ಅಂದುಕೊಳ್ಳಿ. ಎಲ್ಲವೂ 0ರಿಂದ 625ರೊಳಗೆ. ಇಲ್ಲಿ ಕೌಂಟಿಂಗ್ ಸಾರ್ಟೇ ಸರಿ. 626 ಖಾನೆ ಇಟ್ಟು ಎಣಿಸಿದರೆ ಆಯ್ತು, ಸಮಯ O(n + k). ಇಲ್ಲಿ n ಅಂದರೆ ಜೋಡಿಸಬೇಕಾದ ಸಂಖ್ಯೆಗಳು ಎಷ್ಟು, k ಅಂದರೆ ಖಾನೆಗಳು ಎಷ್ಟು ಎಂಬುದು.

ಅವೇ ಎಂಟು ಲಕ್ಷ 32 ಬಿಟ್ ಸಂಖ್ಯೆಗಳಾದರೆ? ಖಾನೆಗಳೇ ಸುಮಾರು 430 ಕೋಟಿ. ತಲಾ 4 ಬೈಟ್ ಅಂದರೂ 16 ಜಿಬಿ ಮೆಮೊರಿ! k ಹೀಗೆ n ಅನ್ನು ಮೀರಿ ಬೆಳೆದರೆ ಲೀನಿಯರ್ ಅನ್ನುವುದಕ್ಕೆ ಅರ್ಥವಿಲ್ಲ. ಆಗ ರೇಡಿಕ್ಸ್ ಹಿಡಿಯಿರಿ. ಕೆಳಗಿನ ಬೈಟ್‌ನಿಂದ ಶುರು, ಪ್ರತಿ ಸುತ್ತಿಗೆ 256 ಖಾನೆ, ನಾಲ್ಕೇ ಸುತ್ತು.

ಆದರೆ ಪ್ರತಿ ಸುತ್ತೂ ಸ್ಟೇಬಲ್ ಆಗಿರಲೇಬೇಕು. ಹತ್ತರ ಆಧಾರದಲ್ಲಿ ನೋಡಿ: ಬಿಡಿ ಸ್ಥಾನದ ಸುತ್ತಿನಲ್ಲಿ 21, 23 ಸರಿಯಾಗಿ ನಿಂತಿವೆ. ಹತ್ತರ ಸ್ಥಾನದಲ್ಲಿ ಎರಡಕ್ಕೂ 2. ಆ ಕ್ರಮ ಉಳಿಸದಿದ್ದರೆ 23 ಮುಂದೆ ಬಂದುಬಿಡಬಹುದು. ಉತ್ತರ ತಪ್ಪಿದಾಗ ನಾನು ಮೊದಲು ನೋಡುವುದು ಇದನ್ನೇ. ಮೈನಸ್ ಸಂಖ್ಯೆಗಳಿದ್ದರೆ ಮೊದಲೇ ಎಲ್ಲದರ ಸೈನ್ ಬಿಟ್ ತಿರುಗಿಸಿ, ಕೊನೆಗೆ ಮತ್ತೆ ತಿರುಗಿಸಿ.